ತಕಲಿಯಿಂದ ರಾಟೆಗೆ: ಒಂದು ಪಂಚೆಯ ನೂಲಿನ ಲೆಕ್ಕ

ಪ್ರಶ್ನೆ: ಚರಕ ನಮ್ಮಲ್ಲೇ ಹುಟ್ಟಿದ್ದು ಅಂತ ಶಾಲೆಯಲ್ಲಿ ಕೇಳಿದ್ದೆ. ಈಗ ಕೆಲವರು ಚೀನಾದ್ದು ಅಂತಾರೆ, ಕೆಲವರು ಪರ್ಷಿಯಾದಿಂದ ಬಂತು ಅಂತಾರೆ. ಅದು ಏಷ್ಯಾದಲ್ಲಿ ಹರಡಿದ್ದು ಹೇಗೆ? ಗಿರಣಿಗಳು ಬರುವ ಮೊದಲು ಅದರಿಂದ ಬಟ್ಟೆ ಕೆಲಸದಲ್ಲಿ ನಿಜವಾಗಿ ಬದಲಾಗಿದ್ದೇನು?

ಉತ್ತರ: ಜಗಳ ಬಗೆಹರಿಯದೆ ಉಳಿದಿರುವುದಕ್ಕೆ ಮುಖ್ಯ ಕಾರಣ, ಗಾಲಿ, ನೂಲು ಸುತ್ತಿಕೊಳ್ಳುವ ಕಡ್ಡಿಯಾದ ಕದಿರು, ಎರಡನ್ನೂ ಕೂಡಿಸುವ ಹುರಿ ಮೂರೂ ಇರುವ ಸಾಧನವನ್ನೆಲ್ಲ ಜನ ನೂಲುವ ರಾಟೆ, ಅಂದರೆ ಚರಕ, ಎಂದುಕೊಳ್ಳುವುದು. ನೇಕಾರರ ಮನೆ ಹೊಕ್ಕವರಿಗೆ ಗೊತ್ತು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಲೂ ಅಂಥದ್ದೇ ರಾಟೆ ಬೇಕು. ಅಲ್ಲಿ ನೂಲು ಆಗಲೇ ಸಿದ್ಧವಾಗಿರುತ್ತದೆ, ಗಾಲಿ ಬರೀ ಸುತ್ತುತ್ತದೆ. ನೂಲುವುದು ಬೇರೆ ಕೆಲಸ. ಎರಡು ಸೆಂಟಿಮೀಟರ್ ಆಸುಪಾಸಿನ ಹತ್ತಿಯ ಎಳೆಗಳನ್ನು ಹಿಂಜಿದ ಅರಳೆಯ ಸುರುಳಿಯಾದ ಹಂಜಿಯಿಂದ ಸಮನಾಗಿ ಹಿಗ್ಗಿಸುತ್ತ, ಅದೇ ಹೊತ್ತಿಗೆ ತಿರುಚಿ ಹುರಿ ಕೊಡುತ್ತ, ಇಲ್ಲದ ದಾರವನ್ನು ಉಂಟುಮಾಡಬೇಕು.

ಚೀನಾದಲ್ಲಿ ಹಾನ್ ಅರಸರ ಕಾಲದ, ಅಂದರೆ ಸುಮಾರು 1,800 ವರ್ಷ ಹಿಂದಿನ ಕಲ್ಲಿನ ಉಬ್ಬುಚಿತ್ರಗಳಲ್ಲೇ ಗಾಲಿ ಕಾಣುತ್ತದೆ. ಆದರೆ ಅದು ರೇಷ್ಮೆ ಸುತ್ತುವ ಗಾಲಿ. ಗೂಡಿನಿಂದ ಬಿಚ್ಚಿದ ರೇಷ್ಮೆ ಎಳೆ ನೂರಾರು ಮೀಟರ್ ಉದ್ದ ಇರುವುದರಿಂದ ಅದನ್ನು ಹಿಗ್ಗಿಸಿ ನೂಲುವ ಅಗತ್ಯವೇ ಇಲ್ಲ. ಸೋಂಗ್ ಕಾಲದ ವಾಂಗ್ ಜುಝೆಂಗ್ ಎಂಬ ಚಿತ್ರಕಾರನ ಹೆಸರಿನಲ್ಲಿರುವ ಪ್ರಸಿದ್ಧ ಚಿತ್ರವೊಂದನ್ನು ಪುರಾವೆಯಾಗಿ ತೋರಿಸುವುದುಂಟು. ಗಾಲಿ ತಿರುಗಿಸುತ್ತ ಕೂತ ಹೆಂಗಸಿನ ಎದುರು ಮುದುಕಿಯೊಬ್ಬಳು ನಿಂತಿದ್ದಾಳೆ. ಅವಳ ಕೈಯಲ್ಲಿರುವುದು ಹಂಜಿಯಲ್ಲ, ನೂಲಿನ ಉಂಡೆಗಳು. ಅಂದರೆ ಆಗಲೇ ಸಿದ್ಧವಾದ ಎಳೆಗಳನ್ನು ಹುರಿ ಮಾಡುತ್ತಿದ್ದಾರೆ. ಹಳೆಯ ಚಿತ್ರ ಕಂಡಾಗ ಮೊದಲು ನೋಡಬೇಕಾದ್ದು ಗಾಲಿಯನ್ನಲ್ಲ, ಗಾಲಿ ತಿರುಗಿಸದ ಇನ್ನೊಂದು ಕೈಯನ್ನು. ಆ ಕೈ ಕದಿರಿನ ತುದಿಯಿಂದ ಓರೆಯಾಗಿ ಹಿಂದೆ ಚಾಚಿದ್ದು, ಬೆರಳಲ್ಲಿ ಹತ್ತಿಯೋ ಉಣ್ಣೆಯೋ ಇದ್ದರೆ ಅದು ನೂಲುವಿಕೆ. ದಾರ ಬೇರೊಂದು ಉಂಡೆಯಿಂದಲೋ ಲಡಿಯಿಂದಲೋ ಬರುತ್ತಿದ್ದರೆ ಅಲ್ಲ.

ಈ ಪರೀಕ್ಷೆಯಲ್ಲಿ ಪಾಸಾಗುವ ಹಳೆಯ ಸ್ಪಷ್ಟ ಚಿತ್ರವೆಂದರೆ ಬಾಗ್ದಾದಿನಲ್ಲಿ 1237ರಲ್ಲಿ ಸಿದ್ಧವಾದ ಹಸ್ತಪ್ರತಿಯದು. ನಮ್ಮ ಕಡೆ ಇತಿಹಾಸಕಾರ ಇರ್ಫಾನ್ ಹಬೀಬ್ ಎತ್ತಿ ತೋರಿಸಿದ ದಾಖಲೆ 1350ರದು. ಅದು ಬರೆಯಲಾದದ್ದು ಬಹಮನಿ ಸುಲ್ತಾನನ ಆಶ್ರಯದಲ್ಲಿ, ಗುಲ್ಬರ್ಗ ರಾಜಧಾನಿಯಾಗಿದ್ದ ಹೊತ್ತಿನಲ್ಲಿ. ಇಸಾಮಿ ಎಂಬ ಪಾರಸಿ ಕವಿ ತನ್ನ ಇತಿಹಾಸಕಾವ್ಯದಲ್ಲಿ ರಜಿಯಾ ಸುಲ್ತಾನಳನ್ನು ಹಳಿಯುತ್ತ, ಹೆಂಗಸಿಗೆ ಸಿಂಹಾಸನವಲ್ಲ ಚರಖವೇ ಸರಿ ಎಂಬರ್ಥದ ಮಾತು ಬರೆದ. ಅವನ ಅಭಿಪ್ರಾಯ ಹಾಗಿರಲಿ, ನಮಗೆ ಉಪಯೋಗಕ್ಕೆ ಬರುವುದು ಒಂದು ಸಂಗತಿ. ವಿವರಣೆಯಿಲ್ಲದೆ ಚರಖ ಎಂದರೆ ಓದುಗರಿಗೆ ಅರ್ಥವಾಗುವಷ್ಟು ಆ ಹೊತ್ತಿಗೆ ಅದು ಮನೆಮನೆಯ ವಸ್ತುವಾಗಿತ್ತು. ಚರಖ ಪಾರಸಿ ಪದ ಎಂಬುದನ್ನೂ ಸೇರಿಸಿ, ರಾಟೆ 13-14ನೇ ಶತಮಾನದಲ್ಲಿ ಪಶ್ಚಿಮದಿಂದ ಬಂತು ಎಂಬುದು ಹಬೀಬರ ವಾದ.

ಕನ್ನಡದ ಓದುಗರು ಇಲ್ಲಿ ಒಂದು ತಕರಾರು ತೆಗೆಯಬಹುದು, ತೆಗೆಯಲೇಬೇಕು. 12ನೇ ಶತಮಾನದವಳೆಂದು ಹೇಳುವ ವಚನಕಾರ್ತಿ ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಕುಲಜಾತಿಯನ್ನೇ ಹೇಳುತ್ತಾಳೆ. ಅಡಿಯ ಹಲಗೆ, ತೋರಣ, ನಿಂತ ಬೊಂಬೆ, ಸೂತ್ರಕರ್ಣ, ಕದಿರು ಎಂದು ಒಂದೊಂದೇ ಅಂಗ ಹೆಸರಿಸಿ, ಕೈಯಿಂದ ತಿರುಗಿಸಿದಂತೆ ಕದಿರು ತುಂಬಿತು ಎನ್ನುತ್ತಾಳೆ. ಇದು ಬಾವಿಯ ರಾಟೆಯಲ್ಲ, ನೂಲಿನ ರಾಟೆಯೇ, ಅನುಮಾನವಿಲ್ಲ. ತೊಡಕಿರುವುದು ಕಾಲದಲ್ಲಿ. ವಚನಗಳು ನಮಗೆ ಸಿಕ್ಕಿರುವುದು ಬಹುಪಾಲು 15ನೇ ಶತಮಾನ ಮತ್ತು ಅದರ ನಂತರದ ಓಲೆಪ್ರತಿಗಳಲ್ಲಿ. ಈ ವಚನ ನಿಜಕ್ಕೂ 12ನೇ ಶತಮಾನದ್ದಾದರೆ ರಾಟೆ ದಖ್ಖನ್ನಿನಲ್ಲಿ ಬಾಗ್ದಾದಿನ ಚಿತ್ರಕ್ಕಿಂತ ಮೊದಲೇ ಇತ್ತು ಎಂದಾಗುತ್ತದೆ. ಹಾಗಾಗಿ ನಾನು ಖಚಿತವಾಗಿ ಹೇಳುವುದು ಇಷ್ಟು: ಗಾಲಿಯಿಂದ ಸುತ್ತುವ ಉಪಾಯ ಚೀನಾದಲ್ಲಿ ಬಹಳ ಹಳೆಯದು. ಆ ಗಾಲಿಗೆ ಹತ್ತಿ ಕಟ್ಟಿ ನೂಲುವ ಪದ್ಧತಿ 1000ದಿಂದ 1350ರ ನಡುವೆ ಪರ್ಷಿಯಾ, ಭಾರತ, ಚೀನಾಗಳ ಹಾದಿಯಲ್ಲಿ ಹತ್ತಿಯ ಹಿಂದೆಯೇ ಓಡಾಡಿತು. ಕೊರಿಯಾದಲ್ಲಿ ಈ ಜೋಡಿ ಚೆನ್ನಾಗಿ ಕಾಣುತ್ತದೆ. 1363ರ ಸುಮಾರಿಗೆ ಮುನ್ ಇಕ್ಜೊಮ್ ಎಂಬ ಅಧಿಕಾರಿ ಚೀನಾದಿಂದ ಹತ್ತಿ ಬೀಜ ತಂದನೆಂದು ಅಲ್ಲಿನವರು ನೆನೆಯುತ್ತಾರೆ. ಬೀಜ ಬೇರೂರಿದ ಬೆನ್ನಿಗೇ ಬೀಜ ಬಿಡಿಸುವ ಯಂತ್ರವೂ ರಾಟೆಯೂ ಬಂದವು.

ಹರಡಿದ್ದು ಒಂದೇ ಮೂಲದ ಸಾಧನ ಇರಬೇಕು ಎಂಬುದಕ್ಕೆ ಅದರ ರಚನೆಯೇ ಒಂದು ಸುಳಿವು. ಏಷ್ಯಾದ ಹಳೆಯ ರಾಟೆಗಳಲ್ಲಿ ಎತ್ತಿನಗಾಡಿಯ ಗಾಲಿಯಂತೆ ಬಾಗಿಸಿದ ಮರದ ಸುತ್ತುಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ. ಅಚ್ಚಿನ ಎರಡು ಕಡೆ ಎರಡು ಸಾಲು ಕಡ್ಡಿಗಳು. ಒಂದು ಸಾಲಿನ ಕಡ್ಡಿ ಇನ್ನೊಂದು ಸಾಲಿನ ಎರಡು ಕಡ್ಡಿಗಳ ನಡುವಿನ ಸಂದಿಗೆ ಎದುರಾಗಿ ಬರುವಂತೆ ಜೋಡಿಸಿ, ತುದಿಯಿಂದ ತುದಿಗೆ ಹಗ್ಗವನ್ನು ಆಚೆಈಚೆ ಎಳೆದು ಬಿಗಿಯುತ್ತಾರೆ. ಆ ಹಗ್ಗದ ಬಲೆಯೇ ಗಾಲಿಯ ಅಂಚು. ಕದಿರನ್ನು ತಿರುಗಿಸುವ ಹುರಿ ಕೂರುವುದು ಅದರ ಮೇಲೆ. ಇದರಿಂದ ಮೂರು ಅನುಕೂಲ. ಮರ ಬಾಗಿಸುವ ಕುಶಲಿ ಬೇಕಿಲ್ಲ, ಊರಿನ ಬಡಗಿ ಸಾಕು. ಗಾಲಿ ಹಗುರ, ಹಾಗಾಗಿ ಕೂಡಲೇ ನಿಲ್ಲುತ್ತದೆ, ಕೂಡಲೇ ತಿರುಗುತ್ತದೆ. ಹಗ್ಗ ತುಸು ಬಳುಕುವುದರಿಂದ ಹುರಿ ಅಷ್ಟು ಸುಲಭಕ್ಕೆ ಜಾರದೆ ಕಚ್ಚಿಕೊಳ್ಳುತ್ತದೆ. ಕದಿರು ತೊಗಲಿನದೋ ಹುಲ್ಲಿನದೋ ಆದ ಎರಡು ಕಿವಿಗಳಲ್ಲಿ ಮಲಗಿರುತ್ತದೆ. ಸೂತ್ರಕರ್ಣ ಎಂಬ ಪದದಲ್ಲಿ ಕಿವಿ ಬಂದಿರುವುದೂ ಅದಕ್ಕೇ ಇರಬೇಕು. ಆ ಕಿವಿಗೆ ಆಗಾಗ ಎಣ್ಣೆ ಕಾಣಿಸದಿದ್ದರೆ ಕದಿರು ಬಿಸಿಯಾಗಿ ಕಿರುಗುಟ್ಟುತ್ತದೆ.

ಈಗ ನಿಮ್ಮ ಎರಡನೆಯ ಮಾತು. ಗಾಲಿಯಿಂದ ಎಷ್ಟು ಲಾಭವಾಯಿತು ಎಂಬುದನ್ನು ಒಂದು ಪಂಚೆಯ ಲೆಕ್ಕದಲ್ಲೇ ನೋಡೋಣ.

ಐದು ಮೀಟರ್ ಉದ್ದ, 1.1 ಮೀಟರ್ ಅಗಲ, ಸೆಂಟಿಮೀಟರಿಗೆ ಉದ್ದಕ್ಕೆ ಹೋಗುವ ಹಾಸಿನಲ್ಲಿ 20, ಅಡ್ಡಕ್ಕೆ ಹೋಗುವ ಹೊಕ್ಕಿನಲ್ಲಿ 20 ಎಳೆ ಇರುವ ಸಾಧಾರಣ ಪಂಚೆ ಎಂದಿಟ್ಟುಕೊಳ್ಳಿ. ಹಾಸಿನಲ್ಲಿ 2,200 ಎಳೆ, ಒಂದೊಂದೂ ಐದು ಮೀಟರ್, ಒಟ್ಟು 11,000 ಮೀಟರ್. ಹೊಕ್ಕಿಗೆ 10,000 ಸಲ ಲಾಳಿ ದಾಟಬೇಕು, ಒಂದೊಂದು ಸಲಕ್ಕೆ 1.1 ಮೀಟರ್, ಅದೂ 11,000 ಮೀಟರ್. ಎಳೆಗಳು ಒಂದರ ಮೇಲೊಂದು ಏರಿಳಿಯುವುದಕ್ಕೆ ಮತ್ತು ಮಗ್ಗದಲ್ಲಿ ವ್ಯರ್ಥವಾಗುವುದಕ್ಕೆ ಇನ್ನಷ್ಟು ಸೇರಿಸಿದರೆ ಸುಮಾರು 24,000 ಮೀಟರ್ ನೂಲು. ನೂಲಿನ ಸಣ್ಣತನಕ್ಕೆ ನಂಬರು ಹೇಳುತ್ತಾರೆ, 20ನೇ ನಂಬರಿನ ನೂಲಾದರೆ ಅದರ ತೂಕ 700 ಗ್ರಾಂ ಆಸುಪಾಸು. (1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸದಸ್ಯರಾಗಲು ತಿಂಗಳಿಗೆ 2,000 ಗಜ ನೂಲಬೇಕೆಂದು ಗೊತ್ತುಮಾಡಿದ್ದು ನೆನಪಿರಬಹುದು. ವರ್ಷದ್ದು 24,000 ಗಜ, ಅಂದರೆ ಸುಮಾರು 22,000 ಮೀಟರ್. ಒಬ್ಬ ಸದಸ್ಯನ ಇಡೀ ವರ್ಷದ ನೂಲು ಇಂಥ ಒಂದು ಪಂಚೆಗೆ ಸ್ವಲ್ಪ ಕಡಿಮೆಯೇ ಬೀಳುತ್ತಿತ್ತು.)

ಗಾಲಿಯಿಲ್ಲದ ಕೈಕದಿರಾದ ತಕಲಿಯಲ್ಲಿ ಕೆಲಸ ಹೀಗೆ: ಬೆರಳಿಂದ ತಿರುವಿ ಬಿಟ್ಟ ತಕಲಿ ಕೆಲವೇ ಕ್ಷಣದಲ್ಲಿ ನಿಧಾನವಾಗುತ್ತದೆ. ಎಳೆ ಕೈಯಳತೆಗೆ ಬಂದಾಗ ನಿಲ್ಲಿಸಿ, ಕೊಂಡಿಯಿಂದ ಬಿಡಿಸಿ, ಕಡ್ಡಿಗೆ ಸುತ್ತಿ, ಮತ್ತೆ ಕೊಂಡಿಗೆ ಸಿಕ್ಕಿಸಿ ಮತ್ತೆ ತಿರುವಬೇಕು. ಹದವಾದ ಕೈಗೆ ಗಂಟೆಗೆ 70 ಮೀಟರ್ ಸಿಕ್ಕೀತು.

ರಾಟೆಯಲ್ಲಿ 60 ಸೆಂಟಿಮೀಟರ್ ಅಡ್ಡಳತೆಯ ಗಾಲಿ, ಹುರಿ ಕೂರುವಲ್ಲಿ 1.2 ಸೆಂಟಿಮೀಟರ್ ದಪ್ಪದ ಕದಿರು ಇದ್ದರೆ ಗಾಲಿಯ ಒಂದು ಸುತ್ತಿಗೆ ಕದಿರು 50 ಸುತ್ತು. ಹುರಿ ಜಾರುವುದನ್ನು ಕಳೆದರೆ 45 ಎನ್ನಿ. ಬಲಗೈ ಗಾಲಿ ತಿರುಗಿಸುತ್ತದೆ, ಎಡಗೈ ಹಂಜಿ ಹಿಡಿದು ಓರೆಯಾಗಿ ಹಿಂದಕ್ಕೆ ಸರಿಯುತ್ತದೆ. ಕದಿರಿನ ಒಂದೊಂದು ಸುತ್ತಿಗೂ ಎಳೆ ಅದರ ತುದಿಯಿಂದ ಜಾರಿ ಒಂದು ಹುರಿ ಪಡೆಯುತ್ತದೆ. 20ನೇ ನಂಬರಿನ ಹಾಸಿನ ನೂಲಿಗೆ ಸೆಂಟಿಮೀಟರಿಗೆ ಸುಮಾರು ಏಳು ಹುರಿ ಬೇಕು. 60 ಸೆಂಟಿಮೀಟರ್ ಎಳೆಗೆ 420 ಹುರಿ, ಅಂದರೆ ಗಾಲಿಯ ಒಂಬತ್ತು ಚಿಲ್ಲರೆ ಸುತ್ತು, ಏಳು ಸೆಕೆಂಡಿನ ಕೆಲಸ. ಆಮೇಲೆ ಗಾಲಿಯನ್ನು ತುಸು ಹಿಂದಕ್ಕೆ ತಿರುಗಿಸಿ ತುದಿಯ ಸುತ್ತು ಬಿಡಿಸಿ, ಎಡಗೈಯನ್ನು ಕದಿರಿಗೆ ಅಡ್ಡಕ್ಕೆ ತಂದರೆ ಅದೇ ಗಾಲಿ ಎರಡು ಸೆಕೆಂಡಿನಲ್ಲಿ ನೂಲನ್ನು ಸುತ್ತಿಕೊಳ್ಳುತ್ತದೆ. ಕಡಿದ ಎಳೆ ಕೂಡಿಸುವ, ಹಂಜಿ ಬದಲಿಸುವ ಹೊತ್ತು ಕಳೆದರೆ ಗಂಟೆಗೆ 200 ಮೀಟರ್.

ಹೀಗೆ ತಕಲಿಯಲ್ಲಿ ಒಂದು ಪಂಚೆಗೆ ಸುಮಾರು 340 ಗಂಟೆ ಹಿಡಿದರೆ ರಾಟೆಯಲ್ಲಿ 120 ಗಂಟೆ. ಮನೆಗೆಲಸ ಮುಗಿಸಿ ದಿನಕ್ಕೆ ಮೂರು ಗಂಟೆ ಕೂರುವ ಹೆಂಗಸಿಗೆ ಸುಮಾರು ನಾಲ್ಕು ತಿಂಗಳ ಕೆಲಸ 40 ದಿನಕ್ಕೆ ಇಳಿಯಿತು. ಮಗ್ಗದಲ್ಲಿ ಆ ಪಂಚೆ ನೇಯಲು ಹಿಡಿಯುವುದು 20 ಗಂಟೆ ಎಂದಿಟ್ಟರೆ, ಒಬ್ಬ ನೇಕಾರನ ಮಗ್ಗ ನಿಲ್ಲದಂತೆ ನೋಡಿಕೊಳ್ಳಲು ತಕಲಿ ಹಿಡಿದ 17 ಜನ ಬೇಕಿದ್ದ ಕಡೆ ರಾಟೆಯ ಮುಂದೆ ಕೂತ ಆರು ಜನ ಸಾಕಾದರು. ಅಂಕಿಗಳು ಕೈ, ಹತ್ತಿ, ನಂಬರು ನೋಡಿ ಏರುಪೇರಾಗುತ್ತವೆ. ನೂಲು ಮಾತ್ರ ಆಗಲೂ ಮಗ್ಗಕ್ಕಿಂತ ಹಿಂದೆಯೇ ಉಳಿಯಿತು. ರಾಟೆ ಬಂದದ್ದರಿಂದ ನೂಲಿನ ಬರ ನೀಗಿತು ಎಂದು ಎಲ್ಲಾದರೂ ಓದಿದರೆ ನಂಬಬೇಡಿ.

ಲಾಭದ ಜೊತೆ ಒಂದು ನಷ್ಟವೂ ಇತ್ತು. ತಕಲಿಯಲ್ಲಿ ಎಳೆಯನ್ನು ಬೆರಳು ನಿಧಾನಕ್ಕೆ ತಿದ್ದುತ್ತದೆ. ರಾಟೆಯ ವೇಗದಲ್ಲಿ ಒಂದೇ ಕೈ ಹಿಗ್ಗಿಸಬೇಕು, ಹಾಗಾಗಿ ಹಂಜಿಯ ತಪ್ಪೆಲ್ಲ ನೂಲಿಗೆ ಇಳಿಯುತ್ತದೆ. ಸರಿಯಾಗಿ ಹಿಂಜದ ಅರಳೆಯ ಉಂಡೆ ನೂಲಿನಲ್ಲಿ ಗಂಟಿನಂತೆ ದಪ್ಪವಾಗಿ ಕೂರುತ್ತದೆ, ಅದರ ಪಕ್ಕದಲ್ಲೇ ತೆಳು ಜಾಗ ಉಂಟಾಗುತ್ತದೆ. ಹುರಿ ಯಾವಾಗಲೂ ತೆಳು ಜಾಗಕ್ಕೆ ಓಡುವುದರಿಂದ ದಪ್ಪ ಜಾಗ ಸಡಿಲ ಉಳಿಯುತ್ತದೆ. ಗಾಲಿಯ ಹುರಿ ಸಡಿಲವಾಗಿದ್ದರೆ ಗಾಲಿ ತಿರುಗಿದರೂ ಕದಿರು ತಿರುಗದು, ನೂಲು ಎಳೆದ ಕೂಡಲೇ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ನೂಲಿಗೆ ಬಿದ್ದ ಹುರಿ ಹೆಚ್ಚಾದರೆ ಉಲ್ಟಾ, ಕೈ ಸಡಿಲಿಸಿದ ಕೂಡಲೇ ನೂಲು ತನ್ನ ಮೈಗೆ ತಾನೇ ಸುರುಳಿ ಸುತ್ತಿಕೊಳ್ಳುತ್ತದೆ. ಕದಿರು ಕೂದಲೆಳೆಯಷ್ಟು ಬಾಗಿದ್ದರೂ ಸುತ್ತಿಗೊಮ್ಮೆ ಜಗ್ಗಿ, ಸಣ್ಣ ನೂಲು ಮತ್ತೆ ಮತ್ತೆ ಕಡಿಯುತ್ತ ಹೋಗುತ್ತದೆ.

ಮಗ್ಗದಲ್ಲಿ ಸದಾ ಬಿಗಿದು, ಹಣಿಗೆಯ ಉಜ್ಜು ತಡೆಯಬೇಕಾದ್ದು ಹಾಸು. ಹೊಕ್ಕಿಗೆ ಅಂಥ ಕಷ್ಟವಿಲ್ಲ. ಆದ್ದರಿಂದ ರಾಟೆಯ ನೂಲನ್ನು ಮೊದಲು ನಂಬಿದ್ದು ಹೊಕ್ಕಿಗೆ. ರಾಟೆ ಪಶ್ಚಿಮಕ್ಕೆ ಸಾಗಿ ಜರ್ಮನಿ ಮುಟ್ಟಿದಾಗ ಸ್ಪೇಯರ್ ಪಟ್ಟಣದ ನೇಕಾರರು 13ನೇ ಶತಮಾನದ ಕೊನೆಯಲ್ಲಿ ಇದನ್ನೇ ಕಟ್ಟಳೆ ಮಾಡಿದರು, ಗಾಲಿಯ ನೂಲನ್ನು ಹಾಸಿಗೆ ಬಳಸಕೂಡದೆಂದು. ನಮ್ಮ ಕಡೆ ಹತ್ತಿಯ ಹಾಸಿನ ಎಳೆಗಳಿಗೆ ಗಂಜಿ ಬಳಿದು, ಕುಂಚದಿಂದ ತೀಡಿ, ಒಣಗಿಸಿ ಆ ಕೊರತೆ ತುಂಬಿಕೊಂಡರು.

ಬಹಳ ಸಣ್ಣ ನೂಲಿಗೆ ರಾಟೆ ಕೊನೆಯವರೆಗೂ ತಕಲಿಯನ್ನು ಸೋಲಿಸಲಿಲ್ಲ. ಢಾಕಾದಲ್ಲಿ ಸರ್ಜನ್ ಆಗಿದ್ದ ಜೇಮ್ಸ್ ಟೇಲರ್ 19ನೇ ಶತಮಾನದಲ್ಲಿ ಬರೆದಿಟ್ಟಂತೆ, ಮಸ್ಲಿನ್ನಿನ ನೂಲು ಬರುತ್ತಿದ್ದುದು ಸೂಜಿಯಂಥ ಕಬ್ಬಿಣದ ಕಡ್ಡಿಗೆ ಮಣ್ಣಿನ ಸಣ್ಣ ಉಂಡೆ ಅಂಟಿಸಿದ ತಕಲಿಯಿಂದ. ಅದರ ತುದಿ ಚಿಪ್ಪಿನ ಗುಳಿಯೊಂದರಲ್ಲಿ ನಿಂತು ತಿರುಗುತ್ತಿತ್ತು. ಇಬ್ಬನಿ ಆರುವ ಮುಂಚೆ ಬೆಳಗ್ಗೆ, ಮತ್ತೆ ಇಳಿಹೊತ್ತಿನಲ್ಲಿ ಮಾತ್ರ ನೂಲುತ್ತಿದ್ದರು. ಬೆಳಗಿನ ಹೊತ್ತೆಲ್ಲ ಕೂತರೂ ತಿಂಗಳಿಗೆ ಅರ್ಧ ತೊಲ, ಅಂದರೆ ಆರು ಗ್ರಾಮಿನಷ್ಟು ಅತಿ ಸಣ್ಣ ನೂಲು. ಇಬ್ಬನಿಯ ಕಟ್ಟುಪಾಡಿಗೆ ಕಾರಣವಿದೆ. ಒಣಗಾಳಿಯಲ್ಲಿ ಹತ್ತಿಯ ಎಳೆ ಪೆಡಸಾಗಿ ಕಡಿಯುತ್ತದೆ, ತೇವ ಇದ್ದರೆ ಮೆತ್ತಗಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಉತ್ತರ ಚೀನಾದ ಒಣಹವೆಯಲ್ಲಿ ಇದೇ ತೊಂದರೆಗೆ ಸುನಿಂಗ್ ಎಂಬಲ್ಲಿನ ಜನ ನೆಲಮಾಳಿಗೆ ತೋಡಿ ಅದರ ತಂಪಿನಲ್ಲಿ ಕೆಲಸ ಮಾಡುತ್ತಿದ್ದರೆಂದು 17ನೇ ಶತಮಾನದ ಆರಂಭದಲ್ಲಿ ಮಿಂಗ್ ಅಧಿಕಾರಿ ಶು ಗುವಾಂಗ್‌ಚಿ ದಾಖಲಿಸಿದ್ದಾನೆ.

ಚೀನಾದ ಪ್ರಸ್ತಾಪ ಬಂತಲ್ಲ, ಗಾಲಿಯನ್ನು ಮುಂದೆ ಎಲ್ಲಿಯವರೆಗೆ ಒಯ್ಯಬಹುದಿತ್ತು, ಎಲ್ಲಿ ತಡೆ ಬಿತ್ತು ಎಂಬುದು ಅಲ್ಲೇ ಸ್ಪಷ್ಟವಾಗುತ್ತದೆ. ಈಗಿನ ಶಾಂಘೈ ಹತ್ತಿರದ ಸೋಂಗ್‌ಜಿಯಾಂಗ್ ಸೀಮೆಯಲ್ಲಿ ಹತ್ತಿ ಬೆಳೆಯುತ್ತಿದ್ದರೂ ಬೀಜವನ್ನು ಕೈಯಿಂದಲೇ ಕೀಳುತ್ತಿದ್ದರು, ಸಣ್ಣ ಬಿದಿರಿನ ಬಿಲ್ಲಿನಿಂದ ಹಿಂಜುತ್ತಿದ್ದರು. ಹುವಾಂಗ್ ದಾವೊಪೊ ಎಂಬ ಹೆಂಗಸು ದಕ್ಷಿಣದ ಹೈನಾನ್ ದ್ವೀಪದಲ್ಲಿ ಬಹುಕಾಲ ಇದ್ದು, 1295ರ ಸುಮಾರಿಗೆ ಊರಿಗೆ ಮರಳಿ, ಬೀಜ ಬಿಡಿಸುವ ಉರುಳೆ, ದೊಡ್ಡ ಬಿಲ್ಲು, ನೂಲುವ ಮತ್ತು ನೇಯುವ ಕ್ರಮ ಎಲ್ಲವನ್ನೂ ಒಟ್ಟಿಗೆ ಕಲಿಸಿದಳು ಎನ್ನುತ್ತಾರೆ. ಒಟ್ಟಿಗೆ ಎಂಬುದೇ ಇಲ್ಲಿ ಮುಖ್ಯ. ರಾಟೆಯೊಂದೇ ಬಂದಿದ್ದರೆ ಅದು ಅರಳೆಗಾಗಿ ಕಾಯುತ್ತ ಕೂರಬೇಕಿತ್ತು. ನಮ್ಮಲ್ಲಿ ಪಿಂಜಾರರ ಬಿಲ್ಲು ಮಾಡಿದ ಕೆಲಸವೂ ಇದೇ.

ಅದೇ ಸೀಮೆಯಲ್ಲಿ ಕಾಲಿನಿಂದ ತುಳಿಯುವ ಮೂರು ಕದಿರಿನ ರಾಟೆ ಬಳಕೆಗೆ ಬಂತು. 1313ರಲ್ಲಿ ವಾಂಗ್ ಝೆನ್ ತನ್ನ ಕೃಷಿಗ್ರಂಥದಲ್ಲಿ ಅದರ ಚಿತ್ರ ಕೊಟ್ಟಿದ್ದಾನೆ. ಕಾಲು ತುಳಿದರೆ ಎರಡೂ ಕೈ ಬಿಡುವು, ಆದ್ದರಿಂದ ಬೆರಳ ಸಂದಿಗಳಲ್ಲಿ ಮೂರು ಹಂಜಿ ಹಿಡಿದು ಮೂರು ಎಳೆ ಒಮ್ಮೆಗೇ. ಅದೇ ಗ್ರಂಥದಲ್ಲಿ ಇನ್ನೂ ದೊಡ್ಡದೊಂದು ಯಂತ್ರವಿದೆ. 32 ಕದಿರು, ನೀರಿನಿಂದಲೋ ಎತ್ತಿನಿಂದಲೋ ತಿರುಗುವಂಥದ್ದು. ಇದನ್ನು ಕಂಡವರು ಗಿರಣಿ ಚೀನಾದಲ್ಲಿ 450 ವರ್ಷ ಮೊದಲೇ ಬರಬೇಕಿತ್ತಲ್ಲ ಎಂದು ಕೇಳುತ್ತಾರೆ. ಉತ್ತರ ಮತ್ತೆ ಆ ಇನ್ನೊಂದು ಕೈಯಲ್ಲೇ ಇದೆ. ದೊಡ್ಡ ಯಂತ್ರಕ್ಕೆ ಹಾಕುತ್ತಿದ್ದುದು ರಾಮಿ ಎಂಬ ನಾರು. ಅದನ್ನು ಮೊದಲೇ ಕೈಯಿಂದ ತುದಿಗೆ ತುದಿ ಕೂಡಿಸಿ ಉದ್ದ ಎಳೆ ಮಾಡಿಟ್ಟಿರುತ್ತಿದ್ದರು, ಯಂತ್ರ ಹುರಿ ಮಾತ್ರ ಕೊಡುತ್ತಿತ್ತು. ಹತ್ತಿಗೆ ಬೇಕಾದ್ದು ಹಿಗ್ಗಿಸುವಿಕೆ. ಎಳೆ ತೆಳುವಾಗುತ್ತಿದೆ ಎಂದು ಅರಿತು ತುಸು ತಡೆಯುವ, ದಪ್ಪವಾದರೆ ತುಸು ಎಳೆಯುವ ಬೆರಳು ಬೇಕು. ಒಬ್ಬ ಮನುಷ್ಯನ ಬೆರಳು ಹಾಗೆ ಕಾಯಬಲ್ಲದ್ದು ಹೆಚ್ಚೆಂದರೆ ಮೂರು ನಾಲ್ಕು ಎಳೆ. ನೀರಿನ ಬಲ ಎಷ್ಟಿದ್ದರೂ ಅದು ಹತ್ತಿಯ ಉಪಯೋಗಕ್ಕೆ ಬರಲಿಲ್ಲ. ಮೂರು ಕದಿರಿನ ರಾಟೆಯೂ ಪಳಗಿದ ಕೈಗಳಿದ್ದ ಕಡೆ ಮಾತ್ರ ನಿಂತಿತು, ಉಳಿದೆಡೆ ಒಂದೇ ಕದಿರು ಮುಂದುವರಿಯಿತು.

ಹೀಗಾಗಿ ನೂಲು ಹೆಚ್ಚಾದದ್ದು ಯಂತ್ರ ದೊಡ್ಡದಾಗಿ ಅಲ್ಲ, ಚಿಕ್ಕ ಯಂತ್ರಗಳ ಸಂಖ್ಯೆ ಏರಿ. ನೇಕಾರನ ಒಂದು ಮನೆ ತನಗೆ ಬೇಕಾದ ನೂಲನ್ನೆಲ್ಲ ತಾನೇ ತೆಗೆಯುವುದು ಆರು ಜನರ ಲೆಕ್ಕದಲ್ಲಿ ಆಗದ ಮಾತು, ಆದರೆ ಹೊರಗಿನ ಐದಾರು ಮನೆಗಳ ಬಿಡುವಿನ ಹೊತ್ತು ಸೇರಿದರೆ ಆದೀತು. ನೂಲುವುದು ಮತ್ತು ನೇಯುವುದು ಬೇರೆ ಬೇರೆ ಮನೆಗಳ ಕೆಲಸವಾಗಿ, ನಡುವೆ ಸಂತೆ ಬಂತು. 1800ರಲ್ಲಿ ಬೆಂಗಳೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಕಂಡದ್ದು ಇದನ್ನೇ. ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಯ ಬಡ ಹೆಂಗಸರು ವಾರದ ಸಂತೆಯಲ್ಲಿ ಸ್ವಲ್ಪ ಸ್ವಲ್ಪವೇ ಅರಳೆ ಕೊಂಡು, ಮನೆಯಲ್ಲಿ ನೂತು, ಸಂತೆಯಲ್ಲೇ ನೂಲನ್ನು ನೇಕಾರರಿಗೆ ಮಾರುತ್ತಿದ್ದರು. ಹತ್ತಾರು ಕೈಗಳಿಂದ ಬಂದ ಆ ನೂಲು ಒಂದೇ ದಪ್ಪದ್ದಾಗಿರಲು ಸಾಧ್ಯವಿಲ್ಲ. ಕೊಳ್ಳುವವನು ಲಡಿಯನ್ನು ಬೆಳಕಿಗೆ ಹಿಡಿದು, ಒಂದೆಳೆ ಜಗ್ಗಿ, ಇದು ಹಾಸಿಗಾದೀತೋ ಹೊಕ್ಕಿಗೋ ಎಂದು ವಿಂಗಡಿಸಿದ ಮೇಲೆಯೇ ಬೆಲೆ ಹೇಳಬೇಕಾಗುತ್ತಿತ್ತು.